ದೊಡ್ಡಮ್ಮನ ಬಾಯಲ್ಲಿ ಗೊಜ್ಜವಲಕ್ಕಿ: ಚುಟುಕು ಪಾಕವಿಧಾನವನ್ನು ಮನೆಮಾತಿಗೆ ತರುವ ಬಗೆ

‘ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ.’ ಅಡುಗೆ ಗೊತ್ತಿದ್ದವರಿಗೆ ಈ ಒಂದು ಸಾಲು ಸಾಕು. ಮೊದಲ ಸಲ ಒಲೆ ಮುಂದೆ ನಿಂತವರು ಇಲ್ಲೇ ನಿಂತುಬಿಡುತ್ತಾರೆ. ಎಷ್ಟು ತರಿ? ಯಾವ ಅವಲಕ್ಕಿ? ಜಾಸ್ತಿ ನುಣ್ಣಗಾದರೆ ಏನಾಗುತ್ತದೆ? ಇದೇ ಅಡುಗೆಯನ್ನು ದೊಡ್ಡಮ್ಮ ಪಕ್ಕದಲ್ಲಿ ನಿಂತು ಹೇಳಿಕೊಟ್ಟರೆ ಈ ಪ್ರಶ್ನೆಗಳೆಲ್ಲ ಕೇಳುವ ಮೊದಲೇ ತೀರುತ್ತವೆ. ಆದರೆ ಆಕೆ ಬೆಲ್ಲ ಎಷ್ಟು ಅಂದರೆ ‘ಒಂಚೂರು’ ಅನ್ನುತ್ತಾಳೆ, ಹೊತ್ತು ಎಷ್ಟು ಅಂದರೆ ‘ಹತ್ತಿಪ್ಪತ್ತು ನಿಮಿಷ’ ಅನ್ನುತ್ತಾಳೆ. ಪುಸ್ತಕದ ಅಳತೆಯೂ ಬೇಕು, ದೊಡ್ಡಮ್ಮನ ಮಾತೂ ಬೇಕು. ಎರಡನ್ನೂ ಒಂದೇ ಬರಹದಲ್ಲಿ ಉಳಿಸಿಕೊಳ್ಳುವುದು ಹೇಗೆಂದು ಹಳೆ ಮೈಸೂರು ಕಡೆಯ ಗೊಜ್ಜವಲಕ್ಕಿಯನ್ನೇ ಇಟ್ಟುಕೊಂಡು ಹಂತ ಹಂತವಾಗಿ ನೋಡೋಣ. ಕೆಲವು ಮನೆಗಳಲ್ಲಿ ಇದನ್ನು ಹುಳಿ ಅವಲಕ್ಕಿ ಅಂತಲೂ ಕರೆಯುತ್ತಾರೆ.

ನಾವು ತಿದ್ದಿ ಬರೆಯಬೇಕಾದ ಮೂಲ ಇದು:

ಗೊಜ್ಜವಲಕ್ಕಿ (ನಾಲ್ವರಿಗೆ). ಗಟ್ಟಿ ಅವಲಕ್ಕಿ 2 ಕಪ್, ಹುಣಸೆಹಣ್ಣು ಸಣ್ಣ ನಿಂಬೆಹಣ್ಣಿನ ಗಾತ್ರ, ಬಿಸಿನೀರು 1½ ಕಪ್, ಬೆಲ್ಲದ ಪುಡಿ 2 ಟೇಬಲ್ ಚಮಚ, ಸಾರಿನ ಪುಡಿ 1 ಟೇಬಲ್ ಚಮಚ, ಅರಿಶಿನ ¼ ಟೀ ಚಮಚ, ಉಪ್ಪು 1 ಟೀ ಚಮಚ, ಕೊಬ್ಬರಿ ತುರಿ ¼ ಕಪ್. ಒಗ್ಗರಣೆಗೆ: ಎಣ್ಣೆ 3 ಟೇಬಲ್ ಚಮಚ, ಸಾಸಿವೆ 1 ಟೀ ಚಮಚ, ಕಡಲೆಕಾಯಿ ಬೀಜ 2 ಟೇಬಲ್ ಚಮಚ, ಕಡಲೆಬೇಳೆ 1 ಟೀ ಚಮಚ, ಉದ್ದಿನಬೇಳೆ 1 ಟೀ ಚಮಚ, ಒಣಮೆಣಸಿನಕಾಯಿ 2, ಕರಿಬೇವು 1 ಎಸಳು, ಇಂಗು 1 ಚಿಟಿಕೆ.

1. ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ.
2. ಹುಣಸೆಹಣ್ಣನ್ನು ಬಿಸಿನೀರಿನಲ್ಲಿ 15 ನಿಮಿಷ ನೆನೆಸಿ, ಕಿವುಚಿ, ಸೋಸಿ.
3. ರಸಕ್ಕೆ ಬೆಲ್ಲ, ಸಾರಿನ ಪುಡಿ, ಅರಿಶಿನ, ಉಪ್ಪು ಹಾಕಿ ಕರಗಿಸಿ.
4. ಅವಲಕ್ಕಿ ತರಿಗೆ ರಸ ಸುರಿದು ಕಲಸಿ, ಮುಚ್ಚಿ 20 ನಿಮಿಷ ಬಿಡಿ.
5. ಎಣ್ಣೆ ಕಾಯಿಸಿ, ಒಗ್ಗರಣೆ ಸಾಮಾನುಗಳನ್ನು ಬರೆದ ಕ್ರಮದಲ್ಲೇ ಹಾಕಿ.
6. ನೆನೆದ ಅವಲಕ್ಕಿಯನ್ನು ಉದುರಿಸಿ ಸೇರಿಸಿ, ಸಣ್ಣ ಉರಿಯಲ್ಲಿ 5 ನಿಮಿಷ ಕೈಯಾಡಿಸಿ.
7. ಇಳಿಸಿ, ಕೊಬ್ಬರಿ ತುರಿ ಬೆರೆಸಿ.

ಮೊದಲ ಹಂತ: ಮುಟ್ಟಬಾರದ್ದನ್ನು ಗುರುತು ಮಾಡಿಕೊಳ್ಳಿ

ಬರೆಯಲು ಕೂರುವ ಮೊದಲು ಪೆನ್ಸಿಲ್ ಹಿಡಿದು ಮೂಲದ ಪ್ರತಿ ಅಳತೆಗೂ ಅಡಿಗೆರೆ ಹಾಕಿ. ಇಲ್ಲಿ ಹದಿನಾರು ಸಾಮಾನುಗಳ ಅಳತೆ ಇದೆ, ಮೂರು ಕಡೆ ನಿಮಿಷಗಳಿವೆ, ಎಷ್ಟು ಜನಕ್ಕೆ ಅನ್ನುವುದೂ ಒಂದಿದೆ. ಒಟ್ಟು ಇಪ್ಪತ್ತು. ಆಮೇಲೆ ಕೆಲಸ ಹೇಳುವ ಮಾತುಗಳಿಗೆ ಸುತ್ತು ಹಾಕಿ: ಪುಡಿ ಮಾಡಿ, ನೆನೆಸಿ, ಕಿವುಚಿ, ಸೋಸಿ, ಕರಗಿಸಿ, ಕಲಸಿ, ಮುಚ್ಚಿ, ಬಿಡಿ, ಕಾಯಿಸಿ, ಉದುರಿಸಿ, ಕೈಯಾಡಿಸಿ, ಇಳಿಸಿ, ಬೆರೆಸಿ. ಅಡಿಗೆರೆಯವು ಮತ್ತು ಸುತ್ತು ಬಿದ್ದವು ಹೊಸ ಬರಹದಲ್ಲೂ ಇರಲೇಬೇಕು, ಇದೇ ಸರದಿಯಲ್ಲಿ ಇರಬೇಕು. ಉಳಿದದ್ದೆಲ್ಲ ನಿಮ್ಮ ಕೈಯಲ್ಲಿದೆ.

ಅಡುಗೆಯ ಮಾತಿಗೆ ಬೇರೆ ಉಡುಪು ತೊಡಿಸುವುದು ಕನ್ನಡಕ್ಕೆ ಹೊಸದಲ್ಲ. 16ನೇ ಶತಮಾನದಲ್ಲಿ ಮೂರನೇ ಮಂಗರಸ ‘ಸೂಪಶಾಸ್ತ್ರ’ವನ್ನು ಬರೆದದ್ದು ಷಟ್ಪದಿಯಲ್ಲಿ. ನಮ್ಮ ಕೆಲಸ ಅಷ್ಟು ಕಷ್ಟದ್ದಲ್ಲ, ಛಂದಸ್ಸಿನ ಕಟ್ಟು ಇಲ್ಲಿಲ್ಲ. ಅಳತೆಯ ಕಟ್ಟು ಮಾತ್ರ ಇದೆ.

ಸುತ್ತು ಹಾಕುವಾಗಲೇ ಒಂದು ಗೊಂದಲ ಕಣ್ಣಿಗೆ ಬೀಳಬೇಕು. ‘ಗಟ್ಟಿ ಅವಲಕ್ಕಿ 2 ಕಪ್’ ಅಂದರೆ ಪುಡಿ ಮಾಡುವ ಮೊದಲೋ ಆಮೇಲೋ? ಇಡೀ ಅವಲಕ್ಕಿಯ ನಡುವೆ ಗಾಳಿ ಜಾಗವಿರುತ್ತದೆ, ಪುಡಿ ಮಾಡಿದಾಗ ಅದು ಕುಗ್ಗುತ್ತದೆ. ಹಾಗಾಗಿ ಎರಡು ಕಪ್ ತುಂಬ ತರಿ ಬೇಕೆಂದರೆ ಇಡೀ ಅವಲಕ್ಕಿ ಎರಡು ಕಪ್‌ಗಿಂತ ಹೆಚ್ಚೇ ಹಿಡಿಯುತ್ತದೆ. ಅಷ್ಟಕ್ಕೆ ಒಂದೂವರೆ ಕಪ್ ನೀರು ಸಾಲದು, ಅವಲಕ್ಕಿ ಒಣಗಿಕೊಂಡು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮೂಲ ಏನು ಹೇಳುತ್ತಿದೆ? ಪಟ್ಟಿಯಲ್ಲಿ ‘ಗಟ್ಟಿ ಅವಲಕ್ಕಿ’ ಎಂದಿದೆ, ಪುಡಿ ಮಾಡುವುದು ಆಮೇಲೆ ಬರುವ ಮೊದಲನೇ ಸಾಲಿನಲ್ಲಿದೆ. ಅಂದರೆ ಅಳೆಯುವುದು ಮೊದಲು. ‘ಪುಡಿ ಮಾಡಿದ ಅವಲಕ್ಕಿ 2 ಕಪ್’ ಎಂದಿದ್ದರೆ ಮಾತು ಬೇರೆಯಾಗುತ್ತಿತ್ತು. ಇದೇ ರೀತಿ 1½ ಕಪ್ ಅನ್ನುವುದು ನೆನೆಹಾಕುವ ನೀರಿನ ಅಳತೆ, ಸೋಸಿದ ರಸದ ಅಳತೆಯಲ್ಲ. ಹಣ್ಣಿನ ಸಿಪ್ಪೆ, ನಾರು ಒಂದಿಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಆದ್ದರಿಂದ ಸೋಸಿದ ರಸ ಎಷ್ಟು ಬರುತ್ತದೋ ಅಷ್ಟೇ ಸರಿ. ಹೊಸ ಬರಹದಲ್ಲಿ ‘ಒಂದೂವರೆ ಕಪ್ ಹುಣಸೆ ರಸ’ ಎಂದು ಬರೆದರೆ ಅಂಕಿ ಅದೇ ಇದ್ದರೂ ಅಡುಗೆ ಬದಲಾಯಿತು.

ಎರಡನೇ ಹಂತ: ಯಾರು ಯಾರಿಗೆ ಹೇಳುತ್ತಿದ್ದಾರೆ?

ಮನೆಮಾತಿನ ದನಿ ಅನ್ನುವುದು ಗಾಳಿಯಲ್ಲಿ ಇರುವುದಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿರುತ್ತಾರೆ. ಇಬ್ಬರನ್ನೂ ಮೊದಲೇ ತೀರ್ಮಾನ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಯಾಕೆಂದರೆ ಏನನ್ನು ಬಿಡಿಸಿ ಹೇಳಬೇಕು, ಏನನ್ನು ಹೇಳದೆ ಬಿಡಬಹುದು ಅನ್ನುವುದನ್ನು ಕೇಳುವವರೇ ನಿರ್ಧರಿಸುತ್ತಾರೆ.

ನಾನು ಆರಿಸಿಕೊಂಡದ್ದು ಮೈಸೂರಿನ ದೊಡ್ಡಮ್ಮ ಮತ್ತು ಕೆಲಸ ಸಿಕ್ಕಿ ಬೆಂಗಳೂರಲ್ಲಿ ರೂಮು ಮಾಡಿರುವ ತಂಗಿಯ ಮಗ. ಆಕೆ ಅವನನ್ನು ‘ಮಗೂ’ ಅನ್ನುತ್ತಾಳೆ, ‘ಕಣೋ’ ಅನ್ನುತ್ತಾಳೆ, ಏಕವಚನದಲ್ಲೇ ಮಾತಾಡುತ್ತಾಳೆ. ಅವನ ಹತ್ತಿರ ಮಿಕ್ಸಿ ಇದೆ, ಒಂದು ಬಾಣಲೆ ಇದೆ, ಅಳತೆಯ ಕಪ್ಪು ಚಮಚಗಳ ಸೆಟ್ಟು ಇದೆ. ಸಾರಿನ ಪುಡಿಗೂ ಹುಳಿ ಪುಡಿಗೂ ಇರುವ ವ್ಯತ್ಯಾಸ ಅವನಿಗೆ ಗೊತ್ತಿಲ್ಲ. ಕೊಬ್ಬರಿ ಅಂದರೆ ಒಣಗಿದ್ದು, ಹಸಿ ತೆಂಗಿನಕಾಯಿ ಅಲ್ಲ ಅನ್ನುವುದನ್ನೂ ಅವನಿಗೆ ಹೇಳಬೇಕು. ಇದೇ ದೊಡ್ಡಮ್ಮ ಮದುವೆಯಾಗಿ ಬಂದ ಸೊಸೆಗೆ ಹೇಳುತ್ತಿದ್ದರೆ ದನಿ ಬೇರೆ, ವಿವರವೂ ಬೇರೆ. ಧಾರವಾಡದ ಮನೆಯಾದರೆ ಮಾತಿನ ಧಾಟಿ ಪೂರ್ತಿ ಬದಲಾಗುತ್ತದೆ. ನಿಮಗೆ ಕಿವಿಯಲ್ಲಿ ಕೇಳಿಸುವ ಧಾಟಿಯನ್ನೇ ಆರಿಸಿಕೊಳ್ಳಿ, ಓದಿ ಮಾತ್ರ ಗೊತ್ತಿರುವ ಧಾಟಿಗೆ ಕೈಹಾಕಬೇಡಿ.

ಆಡುಮಾತನ್ನು ಎಷ್ಟು ಬರೆಯಬೇಕು ಅನ್ನುವುದಕ್ಕೆ ನನ್ನದೊಂದು ಕಟ್ಟುನಿಟ್ಟಿದೆ. ಕ್ರಿಯಾಪದದ ತುದಿಯಲ್ಲಿ, ‘ಆಮೇಲೆ’, ‘ನೋಡು’, ‘ಕಣೋ’ಗಳಲ್ಲಿ ಮಾತಿನ ರೂಪ ಇರಲಿ. ಸಾಮಾನಿನ ಹೆಸರು ಮತ್ತು ಅಳತೆ ಮಾತ್ರ ಪೂರ್ತಿ ಅಕ್ಷರದಲ್ಲಿರಲಿ. ‘ಹಾಕ್ಬಿಡು’ ಚೆನ್ನ. ‘ಕಡ್ಲೇಬೀಜ’ ಎಂದು ಬರೆದರೆ ಕಡಲೆಕಾಯಿ ಬೀಜವೋ ಕಡಲೆಬೇಳೆಯೋ ಎಂದು ಹೊಸ ಹುಡುಗ ತಡವರಿಸುತ್ತಾನೆ, ಇಲ್ಲಿ ಎರಡೂ ಬೇರೆ ಬೇರೆ ಅಳತೆಯಲ್ಲಿ ಬೀಳುತ್ತವೆ.

ಮೂರನೇ ಹಂತ: ಮೂಲ ಹೇಳದೆ ಬಿಟ್ಟದ್ದನ್ನು ಹುಡುಕಿ

ಮನೆಮಾತೆಂದರೆ ಮೂಲದ ಸಾಲುಗಳ ನಡುವೆ ‘ಆಹಾ, ಘಮಘಮ’ ಎಂದು ತುರುಕುವುದು ಎಂದು ಹಲವರು ತಿಳಿದಿದ್ದಾರೆ. ಅದರಿಂದ ಬರಹ ಉದ್ದವಾಗುತ್ತದೆ, ಅಡುಗೆಗೆ ಏನೂ ಸಿಗುವುದಿಲ್ಲ. ಒಲೆಯ ಮುಂದೆ ನಿಂತ ಹೆಂಗಸರು ನಿಜಕ್ಕೂ ಏನು ಮಾತಾಡುತ್ತಾರೆ ಎಂದು ನೆನಪು ಮಾಡಿಕೊಳ್ಳಿ. ಅವರು ಗುರುತು ಹೇಳುತ್ತಾರೆ, ಕಾರಣ ಹೇಳುತ್ತಾರೆ, ಎಚ್ಚರಿಕೆ ಹೇಳುತ್ತಾರೆ. ‘ಕೆಂಪಗಾಯ್ತಾ ನೋಡು’ ಗುರುತು. ‘ಇಲ್ದಿದ್ರೆ ಗಂಟು ಕಟ್ಟತ್ತೆ’ ಕಾರಣ. ‘ಉರಿ ಸಣ್ಣ ಮಾಡೋ’ ಎಚ್ಚರಿಕೆ. ಚುಟುಕು ಪಾಕವಿಧಾನ ಜಾಗ ಉಳಿಸಲು ಬಿಟ್ಟಿರುವುದು ಇವನ್ನೇ. ಹಾಗಾಗಿ ಮಾತು ತುಂಬಬೇಕಾದ ಜಾಗ ಎಲ್ಲಿದೆ ಎಂಬುದು ಮೂಲದಲ್ಲೇ ಗೊತ್ತಾಗುತ್ತದೆ.

ಪ್ರತಿ ಸಾಲಿನ ಮುಂದೆ ಒಂದೇ ಪ್ರಶ್ನೆ ಬರೆದುಕೊಳ್ಳಿ: ಆಯಿತು ಅಂತ ಗೊತ್ತಾಗುವುದು ಹೇಗೆ? ಮೊದಲನೇ ಸಾಲಿಗೆ ಉತ್ತರ: ಬೆರಳಿಗೆ ಉಪ್ಪಿಟ್ಟಿನ ರವೆಯಷ್ಟು ತರಿ ಸಿಗಬೇಕು. ಎರಡನೆಯದಕ್ಕೆ: ಹಣ್ಣು ಮೆತ್ತಗಾಗಿ ನಾರಿನಿಂದ ಬಿಟ್ಟುಕೊಳ್ಳಬೇಕು. ನಾಲ್ಕನೆಯದಕ್ಕೆ: ಪಾತ್ರೆಯ ತಳದಲ್ಲಿ ರಸ ನಿಂತಿರಬಾರದು, ಒಂದು ಕಾಳು ಹಿಸುಕಿದರೆ ನಡುವೆ ಗಟ್ಟಿ ಸಿಗಬಾರದು. ಐದನೆಯದಕ್ಕೆ ಒಂದಲ್ಲ, ನಾಲ್ಕೈದು ಉತ್ತರ ಬೇಕು, ಒಗ್ಗರಣೆಯಲ್ಲಿ ಪ್ರತಿಯೊಂದಕ್ಕೂ ಅದರದೇ ಹೊತ್ತು ಇದೆ. ಮೂರಕ್ಕೂ ಏಳಕ್ಕೂ ಹೆಚ್ಚು ಹೇಳುವುದು ಏನೂ ಇಲ್ಲ. ಹೇಳುವುದಿಲ್ಲದ ಕಡೆ ದೊಡ್ಡಮ್ಮನೂ ಸುಮ್ಮನಿರುತ್ತಾಳೆ. ಏಳೂ ಸಾಲಿಗೆ ಸಮನಾಗಿ ಮಾತು ಹಂಚಿದರೆ ಅದು ಮನೆಯ ಮಾತಿನಂತೆ ಕೇಳುವುದಿಲ್ಲ.

ನಾಲ್ಕನೇ ಹಂತ: ಬರೆಯಿರಿ, ಅಳತೆಯನ್ನು ಕೈಬಿಡದೆ

ಮೊದಲು ಕೆಟ್ಟ ಮಾದರಿ ನೋಡೋಣ. ಎರಡು ಮತ್ತು ಮೂರನೇ ಸಾಲನ್ನು ಒಬ್ಬರು ಹೀಗೆ ಬರೆದರು ಅಂದುಕೊಳ್ಳಿ:

“ಒಂದು ಗೋಲಿಯಷ್ಟು ಹುಣಸೆಹಣ್ಣು ಬಿಸಿನೀರಲ್ಲಿ ಹತ್ತು ಹದಿನೈದು ನಿಮಿಷ ನೆನೆಹಾಕ್ಬಿಡು. ಆಮೇಲೆ ಒಂದೆರಡು ಚಮಚ ಬೆಲ್ಲ, ಒಂಚೂರು ಸಾರಿನ ಪುಡಿ, ರುಚಿಗೆ ಉಪ್ಪು, ಅರಿಶಿನ ಹಾಕಿ ಕಿವುಚಿ ಸೋಸ್ಕೋ. ನಮ್ಮಮ್ಮ ಹುರಿದ ಎಳ್ಳಿನ ಪುಡಿನೂ ಹಾಕೋರು, ಎಂಥಾ ರುಚಿ!”

ಕಿವಿಗೆ ಇಂಪಾಗಿದೆ, ಮೈಸೂರಿನದೇ ಮಾತು. ಅಡುಗೆ ಮಾತ್ರ ಕೈತಪ್ಪಿದೆ. ನಿಂಬೆಹಣ್ಣಿನ ಗಾತ್ರ ಗೋಲಿಯಷ್ಟಾಯಿತು, ಹುಳಿ ಬಹಳ ಕಡಿಮೆಯಾಗುತ್ತದೆ. ನೀರಿನ ಅಳತೆಯೇ ಬಿಟ್ಟುಹೋಯಿತು. ಸೋಸುವ ಮೊದಲೇ ಪುಡಿ ಹಾಕಿದ್ದರಿಂದ ಸಾರಿನ ಪುಡಿಯ ಅರ್ಧ ಜರಡಿಯಲ್ಲೇ, ಹುಣಸೆ ನಾರಿನ ಜೊತೆ ಉಳಿಯುತ್ತದೆ. ಮೂಲದಲ್ಲಿ ಇಲ್ಲದ ಎಳ್ಳು ಬಂತು. ಇನ್ನು ‘ಹತ್ತು ಹದಿನೈದು’, ‘ಒಂದೆರಡು’. ಕನ್ನಡದಲ್ಲಿ ಮಾತಾಡುವಾಗ ಎರಡು ಸಂಖ್ಯೆಗಳನ್ನು ಜೋಡಿಸಿ ಸುಮಾರು ಲೆಕ್ಕ ಹೇಳುವುದು ನಮಗೆ ಉಸಿರಾಟದಷ್ಟು ಸಹಜ. ಮನೆಮಾತಿನಲ್ಲಿ ಪಾಕವಿಧಾನ ಬರೆಯುವವರು ಹೆಚ್ಚಾಗಿ ತಪ್ಪುವುದು ಇಲ್ಲೇ, ಬರೆಯುವವರಿಗೆ ತಿಳಿಯುವುದೂ ಇಲ್ಲ.

ಹಾಗೆಂದು ಮಾತಿನ ನಡುವೆ ‘1½’ ಎಂದು ಅಂಕಿ ಬರೆಯಲೇಬೇಕೆಂದಿಲ್ಲ. ಕಾಲು, ಅರ್ಧ, ಮುಕ್ಕಾಲು, ಒಂದೂವರೆ ಎಲ್ಲವೂ ಖಚಿತ ಅಳತೆಗಳೇ, ಮನೆಯಲ್ಲಿ ದಿನಾ ಆಡುವವೇ. ‘ಒಂದೂವರೆ ಕಪ್’ ಎಂದರೆ ದನಿಯೂ ಉಳಿಯಿತು, ಲೆಕ್ಕವೂ ಉಳಿಯಿತು. ಚಮಚದ ವಿಷಯದಲ್ಲಿ ಮಾತ್ರ ಟೀ ಚಮಚವೋ ಟೇಬಲ್ ಚಮಚವೋ ಎಂದು ಪ್ರತಿ ಸಲವೂ ಹೇಳಬೇಕು. ಟೀ ಚಮಚ 5 ಮಿಲಿಲೀಟರು, ಟೇಬಲ್ ಚಮಚ 15. ಬರೀ ‘ಚಮಚ’ ಎಂದರೆ ಉಪ್ಪು ಮೂರು ಪಟ್ಟಾಗಬಹುದು.

ಈಗ ಸರಿಯಾದ ದಾರಿಯಲ್ಲಿ ಮೊದಲಿಂದ ಬರೆಯೋಣ. ಮೊದಲನೇ ಸಾಲು:

“ನಾಲ್ಕು ಜನಕ್ಕೆ ಲೆಕ್ಕ ಹೇಳ್ತೀನಿ, ಕೇಳಿಸ್ಕೋ ಮಗೂ. ಮೊದ್ಲು ನಿನ್ನ ಡಬ್ಬಿಲಿರೋದು ಗಟ್ಟಿ ಅವಲಕ್ಕಿನೇನಾ ನೋಡ್ಕೋ. ಪೇಪರ್ ಅವಲಕ್ಕಿಯಾದ್ರೆ ರಸ ಬಿದ್ದ ಕೂಡ್ಲೇ ಮುದ್ದೆ ಆಗ್ಬಿಡತ್ತೆ. ಗಟ್ಟಿ ಅವಲಕ್ಕಿ ಎರಡು ಕಪ್ ಅಳೆದು ಮಿಕ್ಸಿಗೆ ಹಾಕು. ಅಳೆಯೋದು ಪುಡಿ ಮಾಡೋಕೆ ಮುಂಚೆ, ಆಮೇಲಲ್ಲ. ಮಿಕ್ಸಿನ ಒಂದೇ ಸಮ ಓಡಿಸ್ಬೇಡ ಕಣೋ, ಒಂದ್ಸಲ ತಿರುಗಿಸು, ನಿಲ್ಸು, ನೋಡು. ನಿಮ್ಮಜ್ಜಿ ಒರಳಲ್ಲಿ ಕುಟ್ಟೋವಾಗ್ಲೂ ಹಂಗೇ, ನಿಲ್ಸಿ ನಿಲ್ಸಿ ಕೈಯಲ್ಲಿ ಉಜ್ಜಿ ನೋಡೋರು. ಉಪ್ಪಿಟ್ಟಿನ ರವೆ ಥರ ತರಿತರಿಯಾಗಿ ಸಿಕ್ಕಿದ್ರೆ ಸಾಕು. ಬೆರಳಿಗೆ ಹಿಟ್ಟು ಅಂಟಿದ್ರೆ ಜಾಸ್ತಿ ಆಯ್ತು ಅಂತ ತಿಳ್ಕೋ.”

ಅಜ್ಜಿಯ ನೆನಪು ಇಲ್ಲಿ ಯಾಕೆ ಒಪ್ಪುತ್ತದೆ, ಕೆಟ್ಟ ಮಾದರಿಯ ಎಳ್ಳಿನ ನೆನಪು ಯಾಕೆ ಒಪ್ಪುವುದಿಲ್ಲ ಎಂದು ಗಮನಿಸಿ. ಅಜ್ಜಿ ಒರಳಿನಲ್ಲಿ ಕುಟ್ಟುತ್ತಿದ್ದದ್ದು ಇದೇ ಕೆಲಸವನ್ನು, ಇದೇ ಹದಕ್ಕೆ. ಆ ನೆನಪಿನಿಂದ ಹುಡುಗನಿಗೆ ಮಿಕ್ಸಿ ನಿಲ್ಲಿಸಿ ನೋಡುವ ಬುದ್ಧಿ ಬರುತ್ತದೆ. ಎಳ್ಳು ಹೊಸ ಸಾಮಾನು. ನೆನಪಿನ ಹೆಸರಿನಲ್ಲಿ ಹದಿನೇಳನೇ ಸಾಮಾನು ಒಳಗೆ ಬರಕೂಡದು. ಕೃಷ್ಣಜನ್ಮಾಷ್ಟಮಿಗೆ ಮಾಡುತ್ತಿದ್ದರು ಎಂದು ಹೇಳಬಹುದು, ಅದರಿಂದ ಅಡುಗೆ ಬದಲಾಗುವುದಿಲ್ಲ. ಅದನ್ನೂ ಒಂದೇ ಸಾಲಿಗೆ ಮುಗಿಸಿದರೆ ಒಳ್ಳೆಯದು, ಓದುವ ಹುಡುಗನ ಕೈಯಲ್ಲಿ ಮಿಕ್ಸಿ ಜಾರ್ ಇದೆ.

ಎರಡನೇ ಸಾಲಿನಿಂದ ನಾಲ್ಕನೆಯದರವರೆಗೆ:

“ಅದು ಹಂಗಿರ್ಲಿ, ಈಗ ಹುಣಸೆಹಣ್ಣು. ಸಣ್ಣ ನಿಂಬೆಹಣ್ಣಿನಷ್ಟು ತಗೊಂಡು ಒಂದೂವರೆ ಕಪ್ ಬಿಸಿನೀರಲ್ಲಿ ಹದಿನೈದು ನಿಮಿಷ ನೆನೆಸು. ಅರ್ಜೆಂಟ್ ಮಾಡಿ ಬೇಗ ಕಿವುಚಿದ್ರೆ ತಿರುಳು ನಾರಲ್ಲೇ ಕೂತ್ಬಿಡತ್ತೆ. ಹೊತ್ತಾದ್ಮೇಲೆ ಚೆನ್ನಾಗಿ ಕಿವುಚಿ, ಸೋಸ್ಕೋ. ಸೋಸಿದ ಮೇಲೆ ರಸ ಒಂದೂವರೆ ಕಪ್ ಇಲ್ವಲ್ಲ ಅಂತ ಮತ್ತೆ ನೀರು ಸೇರಿಸೋಕೆ ಹೋಗ್ಬೇಡ, ಅಷ್ಟೇ ಇರ್ಬೇಕು.

ಆ ರಸಕ್ಕೆ ಬೆಲ್ಲದ ಪುಡಿ ಎರಡು ಟೇಬಲ್ ಚಮಚ, ಸಾರಿನ ಪುಡಿ ಒಂದು ಟೇಬಲ್ ಚಮಚ, ಅರಿಶಿನ ಕಾಲು ಟೀ ಚಮಚ, ಉಪ್ಪು ಒಂದು ಟೀ ಚಮಚ ಹಾಕಿ ಕರಗಿಸು. ಸಾರಿನ ಪುಡಿ ಕಣೋ, ಹುಳಿ ಪುಡಿ ಅಲ್ಲ, ಡಬ್ಬಿ ಮೇಲೆ ಓದ್ಕೊಂಡು ಹಾಕು. ಚಮಚದ ಮೇಲೆ ಗುಡ್ಡೆ ಇರ್ಬಾರ್ದು, ಬೆರಳಲ್ಲಿ ಮಟ್ಟಸವಾಗಿ ಸವರ್ಬಿಡು.

ಈಗ ಅವಲಕ್ಕಿ ತರಿಗೆ ರಸ ಎಲ್ಲ ಸುರಿದು ಕಲಸು. ಮೊದ್ಲು ನೀರು ನೀರಾಗಿ ಕಾಣತ್ತೆ, ಹೆದರ್ಕೋಬೇಡ. ಮುಚ್ಚಿ ಇಪ್ಪತ್ತು ನಿಮಿಷ ಬಿಡು. ತೆಗೆದಾಗ ತಳದಲ್ಲಿ ರಸ ನಿಂತಿರ್ಬಾರ್ದು, ಒಂದು ಕಾಳು ಹಿಸುಕಿದ್ರೆ ಒಳಗೆ ಗಟ್ಟಿ ಸಿಗ್ಬಾರ್ದು.”

ಚಮಚದ ಗುಡ್ಡೆಯ ಮಾತನ್ನು ಬೇಕೆಂದೇ ಸೇರಿಸಿದ್ದೇನೆ. 1896ರಲ್ಲಿ ಅಮೆರಿಕದ ಫ್ಯಾನಿ ಫಾರ್ಮರ್ ತಮ್ಮ ಅಡುಗೆ ಪುಸ್ತಕದಲ್ಲಿ ಚಮಚವನ್ನು, ಕಪ್ಪನ್ನು ಮಟ್ಟಸವಾಗಿ ಅಳೆಯಬೇಕೆಂದು ಒತ್ತಿ ಹೇಳಿದರು. ಇವತ್ತು ಅಚ್ಚಾಗುವ ಪಾಕವಿಧಾನಗಳ ‘1 ಚಮಚ’ದ ಹಿಂದೆ ಇರುವುದು ಆ ಮಟ್ಟಸ ಚಮಚವೇ. ನಮ್ಮ ಮನೆಗಳಲ್ಲಿ ಪುಡಿ ತೆಗೆಯುವುದು ಗುಡ್ಡೆ ಚಮಚದಲ್ಲಿ. ಹುಡುಗ ಗುಡ್ಡೆ ಚಮಚ ಹಾಕಿದರೆ ಖಾರ ತಲೆಗೇರುತ್ತದೆ. ಮೂಲದ ಅಳತೆಯನ್ನು ಬದಲಿಸದೆ, ಅದು ನಿಜವಾಗಿ ಎಷ್ಟು ಎನ್ನುವುದನ್ನು ಬಿಡಿಸಿ ಹೇಳುವುದು ಮನೆಮಾತು ಮಾಡಬಲ್ಲ ಒಳ್ಳೆಯ ಕೆಲಸಗಳಲ್ಲಿ ಒಂದು.

‘ಕಪ್’ ಬದಲು ‘ಲೋಟ’ ಎಂದು ಬರೆಯುವ ಆಸೆ ಬರುತ್ತದೆ, ಮನೆಯಲ್ಲಿ ಆಡುವುದು ಲೋಟವನ್ನೇ. ಅವಲಕ್ಕಿಗೂ ನೀರಿಗೂ ಒಂದೇ ಲೋಟ ಬಳಸಿದರೆ ಅವೆರಡರ ಹೊಂದಿಕೆ ಕೆಡುವುದಿಲ್ಲ, ನಿಜ. ಆದರೆ ಉಪ್ಪು, ಬೆಲ್ಲ, ಸಾರಿನ ಪುಡಿ ಚಮಚದಲ್ಲಿವೆ. ಲೋಟ ದೊಡ್ಡದಾದರೆ ಅವಲಕ್ಕಿ ಹೆಚ್ಚಿ ಉಪ್ಪು ಖಾರ ಸಪ್ಪೆಯಾಗುತ್ತದೆ. ಮೂಲದಲ್ಲಿ ಕಪ್ ಇದ್ದರೆ ದೊಡ್ಡಮ್ಮನೂ ಕಪ್ ಅನ್ನಲಿ.

ಇನ್ನೊಂದು ಮಾತು. ಅನುಭವಸ್ಥ ದೊಡ್ಡಮ್ಮ ಹುಣಸೆಹಣ್ಣನ್ನು ಮೊದಲೇ ನೆನೆಹಾಕಿ, ಆ ಹದಿನೈದು ನಿಮಿಷದಲ್ಲಿ ಅವಲಕ್ಕಿ ಪುಡಿ ಮಾಡಿಕೊಳ್ಳುತ್ತಾಳೆ. ಹೊತ್ತು ಉಳಿಯುತ್ತದೆ, ರುಚಿಗೆ ಏನೂ ಆಗುವುದಿಲ್ಲ. ಆದರೂ ಹೊಸ ಬರಹದಲ್ಲಿ ಸರದಿ ತಿರುಗಿಸಬೇಡಿ. ಯಾವ ಅದಲುಬದಲಿನಿಂದ ತೊಂದರೆ ಇಲ್ಲ, ಯಾವುದರಿಂದ ಇದೆ ಎಂದು ಸಾಲು ಸಾಲಿಗೂ ತೀರ್ಪು ಕೊಡಲು ಶುರುಮಾಡಿದರೆ ಮುಂದಿನ ಸಾಲಿನ ಒಗ್ಗರಣೆಯಲ್ಲಿ ಎಡವುತ್ತೀರಿ.

ಒಗ್ಗರಣೆಯಲ್ಲಿ ಸರದಿಯೇ ಅಡುಗೆ. ಮೂಲದ ಪಟ್ಟಿಯಲ್ಲಿ ಸಾಸಿವೆ ಮೊದಲು, ಕಡಲೆಕಾಯಿ ಬೀಜ ಆಮೇಲೆ, ಬೇಳೆಗಳು ಅದರ ಮೇಲೆ, ಇಂಗು ಕೊನೆಗೆ. ಬೀಜ ದಪ್ಪ, ಒಳಗೆ ಬೇಯಲು ಹೊತ್ತು ಬೇಕು. ಬೇಳೆ ಚಿಕ್ಕದು, ಬೇಗ ಕೆಂಪಾಗುತ್ತದೆ. ‘ಬೇಳೆ, ಬೀಜ, ಸಾಸಿವೆ ಎಲ್ಲ ಹಾಕಿ ಒಗ್ಗರಣೆ ಕೊಟ್ಬಿಡು’ ಎಂದು ಮಾತಿನ ಓಟದಲ್ಲಿ ಬರೆದರೆ ಎಲ್ಲ ಹೆಸರೂ ಬಂದಿರುತ್ತವೆ, ಸರದಿ ಹೋಗಿರುತ್ತದೆ. ಬೀಜ ಹಸಿಯಾಗಿರುವಾಗಲೇ ಉದ್ದಿನಬೇಳೆ ಕಪ್ಪಾಗಿ ಕಹಿಯಾಗುತ್ತದೆ. ಇಲ್ಲಿ ದೊಡ್ಡಮ್ಮ ಎಷ್ಟು ಮಾತಾಡಿದರೂ ಹೆಚ್ಚಲ್ಲ:

“ಬಾಣಲೆ ಇಟ್ಟು ಎಣ್ಣೆ ಮೂರು ಟೇಬಲ್ ಚಮಚ ಹಾಕಿ ಕಾಯಿಸು. ಡಬ್ಬಿ ಎಲ್ಲ ಕೈಗೆ ಸಿಗೋ ಹಾಗೆ ಪಕ್ಕದಲ್ಲಿಟ್ಕೋ, ಒಗ್ಗರಣೆ ಕಾಯೋದಿಲ್ಲ. ಮೊದ್ಲು ಸಾಸಿವೆ ಒಂದು ಟೀ ಚಮಚ. ಚಟಪಟ ಅನ್ನೋವರ್ಗೂ ಬೇರೇನೂ ಹಾಕ್ಬೇಡ. ಸಿಡಿದ್ಮೇಲೆ ಕಡಲೆಕಾಯಿ ಬೀಜ ಎರಡು ಟೇಬಲ್ ಚಮಚ. ಸಿಪ್ಪೆ ಅಲ್ಲಲ್ಲಿ ಬಿರಿಯೋಕೆ ಶುರುವಾಗತ್ತೆ ನೋಡು, ಆಗ ಕಡಲೆಬೇಳೆ ಒಂದು ಟೀ ಚಮಚ, ಹಿಂದೇನೇ ಉದ್ದಿನಬೇಳೆ ಒಂದು ಟೀ ಚಮಚ. ಬೇಳೆ ಹೊಂಬಣ್ಣಕ್ಕೆ ಬಂದ್ರೆ ಸಾಕು, ಬಿಸಿ ಎಣ್ಣೇಲಿ ಇನ್ನೂ ಒಂದು ಬಣ್ಣ ತಾನಾಗೇ ತಿರುಗತ್ತೆ. ಆಮೇಲೆ ಒಣಮೆಣಸಿನಕಾಯಿ ಎರಡು, ಕರಿಬೇವು ಒಂದು ಎಸಳು. ಕರಿಬೇವು ಒದ್ದೆ ಇದ್ರೆ ಎಣ್ಣೆ ಸಿಡಿಯತ್ತೆ, ಮುಖ ಹಿಂದಕ್ಕಿಟ್ಕೋ ಕಣೋ. ಕೊನೇಲಿ ಇಂಗು ಒಂದು ಚಿಟಿಕೆ.

ಉರಿ ಸಣ್ಣ ಮಾಡ್ಕೊಂಡ್ಯಾ? ನೆನೆದಿರೋ ಅವಲಕ್ಕಿನ ಕೈಯಲ್ಲಿ ಉದುರಿಸ್ಕೊಂಡು ಸೇರಿಸು. ಗಂಟಿದ್ರೆ ಇಲ್ಲೇ ಒಡೀಬೇಕು, ಬಾಣಲೆಗೆ ಬಿದ್ಮೇಲೆ ಸೌಟಲ್ಲಿ ಒಡೆಯೋಕೆ ಹೋದ್ರೆ ಹಿಸುಕ್ದಂಗಾಗತ್ತೆ. ಸಣ್ಣ ಉರಿಯಲ್ಲೇ ಐದು ನಿಮಿಷ ಕೈಯಾಡಿಸ್ತಾ ಇರು, ತಳದಿಂದ ಎತ್ತಿ ಎತ್ತಿ.

ಇಳಿಸು. ಕೊಬ್ಬರಿ ತುರಿ ಕಾಲು ಕಪ್ ಬೆರೆಸು, ಒಣ ಕೊಬ್ಬರಿ, ಹಸಿ ಕಾಯಿ ಅಲ್ಲ. ಆಯ್ತು ಹೋಗು.”

‘ಉರಿ ಸಣ್ಣ ಮಾಡ್ಕೊಂಡ್ಯಾ?’ ಎಂಬ ಪ್ರಶ್ನೆ ಮೂಲದ ‘ಸಣ್ಣ ಉರಿಯಲ್ಲಿ’ ಎಂಬುದಕ್ಕೆ ಬಂದ ರೂಪ. ಆಜ್ಞೆಗಳ ಸಾಲಿನಲ್ಲಿ ನಡುವೆ ಒಂದು ಪ್ರಶ್ನೆ ಬಂದರೆ ಓದುವವನ ಕೈ ತಾನಾಗಿ ಸ್ಟವ್ವಿನ ಗುಂಡಿಗೆ ಹೋಗುತ್ತದೆ. ಇಂಥ ಪ್ರಶ್ನೆ ಇಡೀ ಬರಹಕ್ಕೆ ಒಂದೋ ಎರಡೋ ಸಾಕು, ತಪ್ಪಿದರೆ ಅಡುಗೆಯೇ ಕೆಡುವ ಜಾಗಕ್ಕೆ ಅದನ್ನು ಉಳಿಸಿಕೊಳ್ಳಿ. ಪ್ರಶ್ನೆಯಲ್ಲಿ ಬಂದ ಸಂಗತಿಯನ್ನು ಮುಂದೆ ನೇರ ಮಾತಿನಲ್ಲೂ ಒಮ್ಮೆ ಹೇಳಿರಬೇಕು. ಅದಕ್ಕೇ ಆಕೆ ‘ಸಣ್ಣ ಉರಿಯಲ್ಲೇ ಐದು ನಿಮಿಷ’ ಎಂದು ಮತ್ತೆ ಹೇಳಿದ್ದು.

ಐದನೇ ಹಂತ: ಹಿಂದಕ್ಕೆ ತಿರುಗಿಸಿ ನೋಡಿ

ಬರೆದು ಮುಗಿದ ಮೇಲೆ ನೀವೇ ಓದಿ ಸರಿ ನೋಡಿದರೆ ಸಾಲದು. ಮೂಲ ನಿಮ್ಮ ತಲೆಯಲ್ಲಿದೆ, ಬರಹದಲ್ಲಿ ಇಲ್ಲದ್ದನ್ನೂ ಕಣ್ಣು ಓದಿಕೊಳ್ಳುತ್ತದೆ. ಮೂಲವನ್ನು ನೋಡಿರದ ಒಬ್ಬರಿಗೆ ದೊಡ್ಡಮ್ಮನ ಮಾತನ್ನು ಕೊಟ್ಟು, ‘ಇದರಿಂದ ಸಾಮಾನಿನ ಪಟ್ಟಿ ಮತ್ತು ಚುಟುಕು ವಿಧಾನ ಬರೆದುಕೊಡಿ’ ಎಂದು ಕೇಳಿ. ಅವರು ಬರೆದದ್ದನ್ನು ಮೂಲದ ಪಕ್ಕದಲ್ಲಿಟ್ಟು, ನೀವು ಅಡಿಗೆರೆ ಹಾಕಿದ್ದ ಇಪ್ಪತ್ತನ್ನೂ ಒಂದೊಂದಾಗಿ ಟಿಕ್ ಮಾಡಿ.

ತಪ್ಪು ಹೆಚ್ಚಾಗಿ ಮೂರು ಬಗೆಯಲ್ಲಿ ಕಾಣುತ್ತದೆ. ಯಾವುದೋ ಅಳತೆಯ ಜಾಗ ಖಾಲಿ ಇರುತ್ತದೆ, ಸಾಮಾನ್ಯವಾಗಿ ಉಪ್ಪು ಅಥವಾ ಅರಿಶಿನ. ಉದ್ದನೆಯ ವಾಕ್ಯದ ನಡುವೆ ಬರುವುದರಿಂದ ಅವು ಕೈಜಾರುತ್ತವೆ. ಇಲ್ಲವೇ ಅಂಕಿಯ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಇರುತ್ತದೆ, ಅಂದರೆ ನೀವು ಎಲ್ಲೋ ಸುಮಾರು ಲೆಕ್ಕ ಹೇಳಿದ್ದೀರಿ. ಮೂರನೆಯದು ಸ್ವಲ್ಪ ಸೂಕ್ಷ್ಮ: ಅವರ ಪಟ್ಟಿಯಲ್ಲಿ ಮೂಲದಲ್ಲಿಲ್ಲದ ಒಂದು ಹೆಸರು ಬಂದಿರುತ್ತದೆ. ಎಚ್ಚರಿಕೆಗೆಂದು ಆಡಿದ ಮಾತನ್ನು ಅವರು ಸಾಮಾನೆಂದು ತಿಳಿದಿರುತ್ತಾರೆ. ನಮ್ಮ ಬರಹದಲ್ಲಿ ಅಂಥ ಅಪಾಯ ಮೂರು ಕಡೆ ಇದೆ: ಪೇಪರ್ ಅವಲಕ್ಕಿ, ಹುಳಿ ಪುಡಿ, ಹಸಿ ಕಾಯಿ. ಬೇಡವಾದದ್ದನ್ನು ಹೆಸರಿಸುವಾಗ ಬೇಕಾದದ್ದರ ಹೆಸರು ಅದೇ ಉಸಿರಿನಲ್ಲಿ, ಅಳತೆಯ ಜೊತೆಗೇ ಬರಬೇಕು. ‘ಕೊಬ್ಬರಿ ತುರಿ ಕಾಲು ಕಪ್ ಬೆರೆಸು, ಒಣ ಕೊಬ್ಬರಿ, ಹಸಿ ಕಾಯಿ ಅಲ್ಲ’ ಎಂಬಲ್ಲಿ ಅಳತೆ ಕೊಬ್ಬರಿಗೆ ಅಂಟಿಕೊಂಡಿದೆ, ಕಾಯಿಗೆ ಅಂಟಿಲ್ಲ. ‘ಹಸಿ ಕಾಯಿ ಗೀಯಿ ಬೇಡ, ಕಾಲು ಕಪ್ ಹಾಕು’ ಎಂದಿದ್ದರೆ ಯಾವುದನ್ನು ಎಂದು ಕೇಳಬೇಕಾಗುತ್ತಿತ್ತು.

ಆಮೇಲೆ ಇದೇ ಬರಹವನ್ನು ಅಡುಗೆಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕೇಳಿಕೊಂಡು ಮಾಡಲಿ. ಮಾಡುವವರು ‘ನಿಲ್ಲಿಸು, ಎಷ್ಟು ಅಂದೆ?’ ಎಂದು ಕೇಳಿದ ಜಾಗಗಳಲ್ಲಿ ವಾಕ್ಯ ಉದ್ದವಾಗಿದೆ ಎಂದು ತಿಳಿಯಿರಿ. ಮೂರನೇ ಸಾಲಿನ ನಾಲ್ಕು ಅಳತೆಗಳು ಒಂದೇ ವಾಕ್ಯದಲ್ಲಿವೆ, ಅಲ್ಲಿ ಈ ಪ್ರಶ್ನೆ ಬರುವ ಸಂಭವ ಹೆಚ್ಚು. ಬಂದರೆ ಆ ವಾಕ್ಯವನ್ನು ಹೀಗೆ ಒಡೆಯಿರಿ: “ಆ ರಸಕ್ಕೆ ಬೆಲ್ಲದ ಪುಡಿ ಎರಡು ಟೇಬಲ್ ಚಮಚ ಹಾಕು. ಸಾರಿನ ಪುಡಿ ಒಂದು ಟೇಬಲ್ ಚಮಚ. ದೊಡ್ಡ ಚಮಚ ಇಲ್ಲಿಗೆ ಮುಗೀತು, ಪಕ್ಕಕ್ಕಿಡು. ಈಗ ಟೀ ಚಮಚ ತಗೋ. ಅರಿಶಿನ ಅದರಲ್ಲಿ ಕಾಲು, ಉಪ್ಪು ಒಂದು. ಎಲ್ಲ ಕರಗಿಸು.”